ನೆಟ್ಟಗೆ ನಿಂತ ಫಿಲಿಪ್ಸ್ ರೇಖೆ

ಆ ದಿನ ಅರ್ಥಶಾಸ್ತ್ರ ವಿಭಾಗದ ಕೋಣೆಯಲ್ಲಿ ನಾವು ಮೂರು ಜನ ಇದ್ದೆವು. ಕಿಟಕಿಯ ಬದಿಯ ಕುರ್ಚಿಯಲ್ಲಿ ವಿಭಾಗದ ಮುಖ್ಯಸ್ಥರು. ಕೆದಂಬಾಡಿ ಕಡೆಯ ದೊಡ್ಡ ಮನೆಯವರು. ತುಳು ಮಾತಾಡುವಾಗ ನಗುವವರು, ಕನ್ನಡಕ್ಕೆ ಬಂದರೆ ನೋಟ್ಸ್ ಬರೆಸುವವರು. ಬಾಗಿಲ ಬದಿಯಲ್ಲಿ, ಒಂದು ಕಾಲು ಗಿಡ್ಡವಾದ ಕುರ್ಚಿಯ ಮೇಲೆ, ತಾತ್ಕಾಲಿಕ ಉಪನ್ಯಾಸಕನಾದ ನಾನು. ನಮ್ಮಿಬ್ಬರ ನಡುವೆ, ಅವರ ಪಾಠದ್ದೊಂದು ನನ್ನ ಪಾಠದ್ದೊಂದು, ಎರಡು ನೋಟ್ ಪುಸ್ತಕ ಹಿಡಿದು ನಿಂತವಳು ಕೊನೆಯ ವರ್ಷದ ಬಿ.ಎ. ವಿದ್ಯಾರ್ಥಿನಿ. ಅಜ್ಜಾವರದ ಹುಡುಗಿ, ಪುತ್ತೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು.

"ಸರ್, ಫಿಲಿಪ್ಸ್ ರೇಖೆ ಇಳಿಯುದಾ, ನೆಟ್ಟಗೆ ನಿಲ್ಲುದಾ?" ಎಂದು ಕೇಳಿದಳು. ಕೇಳಿದ್ದು ಯಾರನ್ನು ಎಂದು ತಿಳಿಯದ ಹಾಗೆ ಗೋಡೆಯ ಭೂಪಟವನ್ನು ನೋಡಿಕೊಂಡು ಕೇಳಿದಳು. ಬುದ್ಧಿವಂತೆ.

"ಇಳಿಯುದು" ಎಂದರು ಮುಖ್ಯಸ್ಥರು.

"ಮೊದಲು ಇಳಿಯುದು, ಆಮೇಲೆ ನೆಟ್ಟಗೆ" ಎಂದೆ ನಾನು.

ಇಷ್ಟರಲ್ಲೇ ಕೋಣೆಯ ಹವೆ ಬದಲಾಯಿತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮುಖ್ಯಸ್ಥರು ತಾವು ಎಂ.ಎ. ಓದಿದ ಕಾಲದ ನೋಟ್ಸನ್ನು ಪ್ರತಿ ವರ್ಷ ಅದೇ ತಿಂಗಳಲ್ಲಿ, ಅದೇ ಜಾಗದಲ್ಲಿ ಕೆಮ್ಮಿ, ಬರೆಸುತ್ತಿದ್ದರು. ಅಣ್ಣಂದಿರ ನೋಟ್ಸ್ ಮನೆಯಲ್ಲಿದ್ದ ತಮ್ಮಂದಿರು ತರಗತಿಯಲ್ಲಿ ಬರೆಯುವ ಅಭಿನಯ ಮಾತ್ರ ಮಾಡುತ್ತಿದ್ದರು. ಆ ನೋಟ್ಸಿನ ಪ್ರಕಾರ ಫಿಲಿಪ್ಸ್ ರೇಖೆಯಲ್ಲಿ ಹಣದುಬ್ಬರ ಮತ್ತು ನಿರುದ್ಯೋಗ ತಕ್ಕಡಿಯ ಎರಡು ತಟ್ಟೆಗಳು. ಒಂದು ಏರಿದರೆ ಇನ್ನೊಂದು ಇಳಿಯಬೇಕು. ಸರ್ಕಾರದ ಕೆಲಸ ಹೋಟೆಲಿಗೆ ಹೋದವನ ಕೆಲಸದಷ್ಟೇ ಸುಲಭ: ಸ್ವಲ್ಪ ಬೆಲೆಯೇರಿಕೆ ಕೊಡಿ, ಸ್ವಲ್ಪ ಉದ್ಯೋಗ ಕೊಡಿ ಎಂದು ಹೇಳಿದರೆ ಮಾಣಿ ತಂದಿಡುತ್ತಾನೆ. ಆ ಹೊತ್ತಿಗೆ ದೇಶದೇಶಗಳಲ್ಲಿ ಬೆಲೆಯೂ ಏರಿ ನಿರುದ್ಯೋಗವೂ ಏರಿ ಹಲವು ವರ್ಷಗಳಾಗಿದ್ದವು. ಆದರೆ ನೋಟ್ಸಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ನೋಡಿ ಮಾರಾಯ್ರೆ" ಎಂದರು ಮುಖ್ಯಸ್ಥರು ನನ್ನ ಕಡೆ ತಿರುಗಿ, "ಪರೀಕ್ಷೆ ಮೂರು ಗಂಟೆಯದ್ದು. ಅದರಲ್ಲಿ ದೀರ್ಘಾವಧಿ ಎಲ್ಲಿಂದ ಬರುದು? ಮಕ್ಕಳು ಅಲ್ಪಾವಧಿ ಬರೆದು ಪಾಸಾಗ್ಲಿ. ದೀರ್ಘಾವಧಿ ಬೇಕಾದವರು ಎಂ.ಎ.ಗೆ ಹೋಗ್ಲಿ."

"ನಾನು ಎಂ.ಎ.ಗೆ ಹೋಗ್ಬೇಕು ಅಂತಲೇ ಉಂಟು ಸರ್" ಎಂದಳು ಹುಡುಗಿ, ಇನ್ನೂ ಭೂಪಟ ನೋಡುತ್ತಾ.

ಅವಳನ್ನು ಹೊರಗೆ ಕಳಿಸಿ ಮುಖ್ಯಸ್ಥರು ಪ್ರಿನ್ಸಿಪಾಲರ ಕೋಣೆಗೆ ಹೋದರು. ನಾನು ಮಕ್ಕಳ ತಲೆ ಕೆಡಿಸುತ್ತಿದ್ದೇನೆ ಎಂದು ದೂರಿದರಂತೆ. ದೂರು ಎಂದರೆ ದ್ವೇಷವೇನಲ್ಲ. ಹಿಂತಿರುಗಿ ಬಂದು, "ಹೇಳಿದ್ದೇನೆ ಆಯ್ತಾ, ಬೇಜಾರು ಮಾಡ್ಬೇಡಿ" ಎಂದು ತಮ್ಮ ಡಬ್ಬಿಯಿಂದ ನನಗೊಂದು ಉಂಡೆ ಕೊಟ್ಟರು. ಎಳ್ಳುಂಡೆ. ಚೆನ್ನಾಗಿತ್ತು.

ತಾತ್ಕಾಲಿಕ ಉಪನ್ಯಾಸಕ ಅಂದರೆ ಏನು ಎಂದು ಈಗಿನವರಿಗೆ ಹೇಳಬೇಕು. ಜೂನ್‌ನಲ್ಲಿ ತೆಗೆದುಕೊಳ್ಳುತ್ತಾರೆ, ಮಾರ್ಚ್‌ನಲ್ಲಿ ಬಿಡುತ್ತಾರೆ. ಮತ್ತೆ ಜೂನ್‌ನಲ್ಲಿ ಕರೆಯುವುದು ಪ್ರಿನ್ಸಿಪಾಲರ ಮರ್ಜಿ. ಕರೆಯದಿದ್ದರೆ ನನಗೆ ಉಳಿದಿದ್ದದ್ದು ಕಲ್ಲುಗುಂಡಿಯ ಮನೆ. ಅಲ್ಲಿ ನನ್ನ ಅಣ್ಣ ಪ್ರತಿ ಬೇಸಿಗೆಯಲ್ಲೂ, "ನಿನ್ನ ಕಾಲೇಜು ಸಾಕು, ರಬ್ಬರ್ ಹಾಲು ತೆಗೆಯುವವರ ಹಿಂದೆ ನಿಲ್ಲು, ಅದು ಕೆಲಸ" ಎನ್ನುತ್ತಿದ್ದ. ನನಗೆ ಪಾಠ ಮಾಡುವುದೊಂದು ಬಿಟ್ಟು ಬೇರೆ ಯಾವುದರಲ್ಲೂ ಆಸೆ ಇರಲಿಲ್ಲ. ಹಾಗಾಗಿ ಪ್ರಿನ್ಸಿಪಾಲರು ಕರೆಸಿ, "ಸೋಮವಾರ ನಿಮ್ಮ ತರಗತಿಗೆ ನಾನೇ ಬಂದು ಕೂತ್ಕೊಳ್ತೇನೆ. ಮಕ್ಕಳಿಗೆ ಅರ್ಥ ಆಗುದುಂಟೋ ಇಲ್ಲವೋ ನೋಡಿ ಮುಂದಿನ ವರ್ಷದ್ದು ತೀರ್ಮಾನ ಮಾಡುವ" ಎಂದಾಗ ನಾನು ಆ ಸಂಜೆಯೇ ಸೋಮವಾರದ ಪಾಠವನ್ನು ಮೊದಲಿನಿಂದ ಬರೆಯಲು ಕೂತೆ.

ಇಲ್ಲಿ ಪ್ರಿನ್ಸಿಪಾಲರ ಬಗ್ಗೆ, ಅವರ ಗಡಿಯಾರದ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಅವರು ಗಣಿತದವರು, ಪ್ರಾಮಾಣಿಕರು, ಶಿಸ್ತಿನವರು. ಶಿಸ್ತನ್ನು ಅವರು ಸಾಧಿಸುತ್ತಿದ್ದದ್ದು ಮಾತ್ರ ಮೋಸದಿಂದ. ಕಾಲೇಜಿನ ಬೆಲ್ಲು ಹೊಡೆಯುತ್ತಿದ್ದದ್ದು ಅವರ ಕೋಣೆಯ ಗೋಡೆ ಗಡಿಯಾರ ನೋಡಿ. ಹಾಜರಿ ಪುಸ್ತಕ ಇದ್ದದ್ದೂ ಅದರ ಕೆಳಗೆ. ಬೆಲ್ಲಾದ ಮೇಲೆ ಬಂದವರ ಹೆಸರಿನ ಮುಂದೆ ಕೆಂಪು ಗೀಟು. ಅಧ್ಯಾಪಕರಲ್ಲಿ ಅರ್ಧ ಜನ ಸುಳ್ಯದಿಂದಲೋ ಕಡಬದಿಂದಲೋ ಬಸ್ಸಿನಲ್ಲಿ ಬರುವವರು. ಕಡಬದ ಬಸ್ಸಿನವನು ಗುರುತಿನವರು ಗದ್ದೆಯ ಆಚೆ ಬದಿಯಲ್ಲಿ ಕಾಣಿಸಿದರೂ ನಿಲ್ಲಿಸಿ ಕಾಯುವ ಸಭ್ಯ ಮನುಷ್ಯ. ಆದ್ದರಿಂದ ನಮ್ಮ ಕಾಲೇಜಿನಲ್ಲಿ ಸ್ವಲ್ಪ ತಡ ಎನ್ನುವುದು ಹವಾಮಾನದ ಹಾಗೆ ಇದ್ದೇ ಇತ್ತು.

ಆ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ಪ್ರಿನ್ಸಿಪಾಲರು ಯಾರಿಗೂ ಹೇಳದೆ ಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕಿಟ್ಟರು. ಮರುದಿನ ಎಲ್ಲರಿಗೂ ಕೆಂಪು ಗೀಟು. ತಮ್ಮ ವಾಚು ನಿಧಾನವಾಗಿದೆ ಎಂದುಕೊಂಡು ಜನ ಒಂದು ಬಸ್ಸು ಮೊದಲೇ ಹತ್ತಿದರು. ಕೆಲವು ವಾರ ಕಾಲೇಜು ಮಿಲಿಟರಿ ಕ್ಯಾಂಪಿನ ಹಾಗೆ ನಡೆಯಿತು. ಪ್ರಿನ್ಸಿಪಾಲರ ಮುಖದಲ್ಲಿ ದೇಶ ಗೆದ್ದ ಕಳೆ.

ಆಮೇಲೆ ಯಾರೋ ರೇಡಿಯೋದ ವಾರ್ತೆಗೆ ವಾಚು ಸರಿಮಾಡಿಕೊಂಡು ಬಂದು ಕಾಲೇಜಿನ ಬೆಲ್ಲು ಕೇಳಿದರು. ಗುಟ್ಟು ಹೊರಬಿತ್ತು. ಅಧ್ಯಾಪಕರೆಲ್ಲ ಸೇರಿ ಪ್ರಿನ್ಸಿಪಾಲರಲ್ಲಿಗೆ ಹೋಗಿ ಬಹಳ ವಿನಯದಿಂದ, "ಗಡಿಯಾರಕ್ಕೆ ಪಾಪ ಪ್ರಾಯ ಆಯ್ತು ಸರ್, ಹತ್ತು ನಿಮಿಷ ಮುಂದೆ ಓಡ್ತಾ ಉಂಟು. ರಿಪೇರಿಗೆ ಕೊಡುವನಾ?" ಎಂದರು. ತಾವೇ ತಿರುಗಿಸಿದ್ದು ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. "ರಿಪೇರಿ ಬೇಡ, ಹತ್ತು ನಿಮಿಷ ಗ್ರೇಸ್ ಕೊಡುವ, ಅಷ್ಟರೊಳಗೆ ಬಂದ್ರೆ ಗೀಟು ಇಲ್ಲ" ಎಂದರು. ಅಲ್ಲಿಗೆ ಜನ ಮತ್ತೆ ಹಳೆಯ ಬಸ್ಸಿಗೇ ಬಂದರು. ತಡ ಎಷ್ಟಿತ್ತೋ ಅಷ್ಟೇ. ಗಡಿಯಾರ ಮಾತ್ರ ಹತ್ತು ನಿಮಿಷ ಸುಳ್ಳು.

ಇಡೀ ಕಾಲೇಜಿಗೆ ಗೊತ್ತಿದ್ದ, ಮುಳ್ಳು ತಿರುಗಿಸಿದ್ದು ಯಾರೆಂಬ ಈ ಸಂಗತಿ ಯಾರಿಗೂ ಗೊತ್ತಿಲ್ಲ ಎಂದು ನಂಬಿದ್ದವರು ಒಬ್ಬರೇ, ಪ್ರಿನ್ಸಿಪಾಲರು.

ಸೋಮವಾರ ಅವರು ಬಂದು ಕೊನೆಯ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಮುಖ್ಯಸ್ಥರು, ಮದುವೆ ಮನೆಗೆ ಬಂದವರ ಹಾಗೆ ಶಾಲು ಸರಿಮಾಡಿಕೊಂಡು. ಗಡಿಯಾರದ ಸುದ್ದಿಗೆ ಹೋಗಬಾರದು ಎಂದು ನಾನು ರಾತ್ರಿಯೇ ತೀರ್ಮಾನಿಸಿದ್ದೆ. ಊಟ ಹಾಕುವ ಕೈಯನ್ನು ಅಷ್ಟು ಹತ್ತಿರದಿಂದ ಕಚ್ಚುವಷ್ಟು ಧೈರ್ಯಸ್ಥ ನಾನಲ್ಲ. ಹಂಚಿನ ಕಾರ್ಖಾನೆಯ ಉದಾಹರಣೆ ಸಾಕು ಎಂದುಕೊಂಡೆ.

ಬೋರ್ಡಿನ ಮೇಲೆ ಮೊದಲು ಮುಖ್ಯಸ್ಥರ ರೇಖೆಯನ್ನೇ ಬರೆದೆ. ಎಡದಿಂದ ಬಲಕ್ಕೆ ಇಳಿಯುವುದು. ಅಡ್ಡಕ್ಕೆ ನಿರುದ್ಯೋಗ, ಉದ್ದಕ್ಕೆ ಹಣದುಬ್ಬರ. ಅವರು ಹಿಂದಿನಿಂದ ತಲೆಯಾಡಿಸಿದರು.

"ಒಂದು ಹಂಚಿನ ಕಾರ್ಖಾನೆ ಉಂಟು ಅಂತ ಇಟ್ಟುಕೊಳ್ಳಿ" ಎಂದೆ. "ವರ್ಷದ ಮೊದಲಿಗೆ ಧಣಿ ಮತ್ತು ಕೆಲಸದವರು ಕೂತು ಕೂಲಿ ನಿಗದಿ ಮಾಡ್ತಾರೆ. ಬೆಲೆ ಹೋದ ವರ್ಷದಷ್ಟೇ ಏರಬಹುದು ಎಂಬ ಅಂದಾಜಿನಲ್ಲಿ ಒಪ್ಪುತ್ತಾರೆ. ಆದರೆ ಸರ್ಕಾರ ಹಣ ಹೆಚ್ಚು ಹರಿಸಿ ಬೆಲೆಗಳೆಲ್ಲ ಅಂದಾಜಿಗಿಂತ ಜಾಸ್ತಿ ಏರಿದವು. ಹಂಚಿನ ಬೆಲೆಯೂ ಏರಿತು, ಕೂಲಿ ಅಷ್ಟೇ ಇದೆ. ಧಣಿಗೆ ಏನಾಗ್ತದೆ?"

"ಕುಶಿ ಆಗ್ತದೆ ಸರ್" ಎಂದ ಒಬ್ಬ.

"ಕುಶಿಯಾಗಿ ಇನ್ನೂ ಕೆಲವರನ್ನು ಕೆಲಸಕ್ಕೆ ಕರೆಯುತ್ತಾನೆ. ನಿರುದ್ಯೋಗ ಇಳಿಯಿತು, ಹಣದುಬ್ಬರ ಏರಿತು. ನಿಮ್ಮ ನೋಟ್ಸಿನ ರೇಖೆ ಇದೇ. ಇದು ಸುಳ್ಳಲ್ಲ." ಮುಖ್ಯಸ್ಥರು ಮತ್ತೆ ತಲೆಯಾಡಿಸಿದರು. "ಆದರೆ ಮುಂದಿನ ವರ್ಷ ಕೂಲಿ ಮಾತಾಡಲು ಕೂತಾಗ? ಕೆಲಸದವರು ಅಂಗಡಿಗೆ ಹೋಗಿ ಅಕ್ಕಿ ತಂದವರು. ತಮ್ಮ ಕೂಲಿಗೆ ಏನು ಬಂತು ಎಂದು ಅವರಿಗೆ ಗೊತ್ತಾಗಿದೆ. ಈ ಸಲ ಆ ಏರಿಕೆಯನ್ನೂ ಸೇರಿಸಿಯೇ ಕೇಳುತ್ತಾರೆ. ಕೂಲಿ ಬೆಲೆಯನ್ನು ಹಿಡಿಯಿತು. ಧಣಿಯ ಹೆಚ್ಚಿನ ಲಾಭ ಹೋಯಿತು, ಹೊಸದಾಗಿ ಬಂದವರು ಮನೆಗೆ. ನಿರುದ್ಯೋಗ ಎಲ್ಲಿತ್ತೋ ಅಲ್ಲಿಗೆ. ಹಣದುಬ್ಬರ ಮಾತ್ರ ಮೇಲೆಯೇ ಉಳಿಯಿತು."

ಮೊದಲಿನ ರೇಖೆಯ ಮೇಲ್ಗಡೆ ಅದೇ ಆಕಾರದ ಇನ್ನೊಂದು ರೇಖೆ ಬರೆದೆ. ಜನರ ನಿರೀಕ್ಷೆ ಏರಿದರೆ ಇಡೀ ರೇಖೆಯೇ ಮೇಲಕ್ಕೆ ಹೋಗುತ್ತದೆ. ಮತ್ತೆ ಉದ್ಯೋಗ ಬೇಕಾದರೆ ಬೆಲೆ ಇನ್ನೂ ಜೋರಾಗಿ ಏರಬೇಕು, ಅದೂ ಗೊತ್ತಾದ ಮೇಲೆ ಇನ್ನೂ ಜೋರಾಗಿ. ನಿರುದ್ಯೋಗ ಹೊರಟಲ್ಲಿಗೇ ಬರುವ ಬಿಂದುಗಳನ್ನು ಒಂದರ ಮೇಲೊಂದು ಜೋಡಿಸಿದರೆ ನೆಟ್ಟಗಿನ ಗೆರೆ. ಅದೇ ದೀರ್ಘಾವಧಿ. ಅಲ್ಲಿ ಬೆಲೆಯೇರಿಕೆ ಕೊಟ್ಟು ಉದ್ಯೋಗ ಕೊಳ್ಳುವ ಹಾಗಿಲ್ಲ.

ಇಷ್ಟೂ ಹೇಳಿ ತಿರುಗಿ ನೋಡಿದರೆ ತರಗತಿ ಹಂಚಿನ ಹಾಗೆಯೇ ಕೂತಿತ್ತು. ಪ್ರಿನ್ಸಿಪಾಲರು ಏನೋ ಬರೆದುಕೊಂಡರು. ನನ್ನ ಮುಂದೆ ರಬ್ಬರ್ ಮರಗಳು ಸಾಲಾಗಿ ಕಾಣಿಸಿದವು.

ಆಗ ಅಜ್ಜಾವರದ ಹುಡುಗಿ ಎದ್ದು ನಿಂತಳು. "ಸರ್, ಇದು ನಮ್ಮ ಬೆಲ್ಲಿನ ಹಾಗೆಯಾ?"

ನಾನು ಕೇಳಿಸದವನ ಹಾಗೆ ಸೀಮೆಸುಣ್ಣ ಹುಡುಕಿದೆ. ಕೈಯಲ್ಲೇ ಇತ್ತು.

"ಅಲ್ಲ ಸರ್, ಗಡಿಯಾರ ಮುಂದೆ ಹೋಗುದು ಬೆಲೆ ಏರಿದ ಹಾಗೆ. ಗ್ರೇಸ್ ಅಂದ್ರೆ ಕೂಲಿ. ಗಡಿಯಾರ ಮುಂದೆ ಹೋಗಿ ಗ್ರೇಸ್ ಸಿಗದೆ ಇದ್ದಾಗ ಮಾಷ್ಟ್ರುಗಳು ಬೇಗ ಬಂದ್ರು. ಗೊತ್ತಾಗಿ ಗ್ರೇಸ್ ಸಿಕ್ಕಿದ ಮೇಲೆ ಪುನಃ ಅದೇ ಬಸ್ಸು. ತಡ ಅಂದ್ರೆ ನಿರುದ್ಯೋಗ. ಅದು ಬಸ್ಸಿನಿಂದ ಆಗುದು, ಗಡಿಯಾರದಿಂದ ಅಲ್ಲ."

ಇಡೀ ತರಗತಿಗೆ ಒಮ್ಮೆಗೇ ಅರ್ಥವಾಯಿತು. ಅದು ಗೊತ್ತಾಗುತ್ತದೆ, ಬೆಂಚುಗಳು ಸದ್ದು ಮಾಡುತ್ತವೆ. ಹಿಂದಿನ ಬೆಂಚು ಮಾತ್ರ ಸದ್ದು ಮಾಡಲಿಲ್ಲ.

ಅಲ್ಲ ಎಂದರೆ ಪಾಠ ಸುಳ್ಳಾಗುತ್ತಿತ್ತು, ಹೌದು ಎಂದರೆ ಕೆಲಸ ಹೋಗುತ್ತಿತ್ತು. ಪಾಠ ಅಷ್ಟು ಚೆನ್ನಾಗಿ ಕೂತಿತ್ತು, ಸುಳ್ಳು ಮಾಡಲು ಮನಸ್ಸು ಬರಲಿಲ್ಲ. "ಹೌದು" ಎಂದೆ. "ಬಸ್ಸಿನಿಂದ ಆಗುವ ತಡಕ್ಕೆ ನಮ್ಮ ಶಾಸ್ತ್ರದಲ್ಲಿ ನೈಸರ್ಗಿಕ ದರ ಎನ್ನುತ್ತಾರೆ. ನೈಸರ್ಗಿಕ ಎಂದ ಮಾತ್ರಕ್ಕೆ ದೇವರು ಕೊಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಬಸ್ಸು ಸರಿಯಾದರೆ ಅದೂ ಇಳಿಯುತ್ತದೆ. ಕೆಲಸ ಕಲಿಸಿದರೆ, ಕೆಲಸ ಇರುವಲ್ಲಿಗೆ ದಾರಿ ಮಾಡಿಕೊಟ್ಟರೆ ನಿರುದ್ಯೋಗವೂ ಹಾಗೆಯೇ. ಮುಳ್ಳು ತಿರುಗಿಸಿದರೆ ಇಳಿಯುವುದಿಲ್ಲ."

ಪ್ರಿನ್ಸಿಪಾಲರು ಎದ್ದು ನಿಂತರು. ಗಣಿತದವರಿಗೆ ಒಂದು ದೌರ್ಬಲ್ಯ ಉಂಟು. ಸಿಟ್ಟು ಬಂದಾಗಲೂ ಲೆಕ್ಕ ಪೂರ್ತಿ ಮಾಡದೆ ಇರಲಾರರು. ಒಂದು ಕ್ಷಣ ತಮ್ಮ ಸ್ಥಾನವನ್ನೇ ಮರೆತು ಕೇಳಿದರು:

"ಹಾಗಾದ್ರೆ ಈಗ ಹದಿನೈದು ನಿಮಿಷ ಇಟ್ಟದ್ದೂ ದಂಡವಾ?"

ಅಲ್ಲಿಯವರೆಗೆ ಹದಿನೈದು ಎಂಬ ಮಾತನ್ನು ಯಾರೂ ಆಡಿರಲಿಲ್ಲ. ನಮಗೆಲ್ಲ ಗೊತ್ತಿದ್ದದ್ದು ಹತ್ತು. ಶನಿವಾರ ಸಂಜೆ ಅವರು ಮತ್ತೆ ಐದು ನಿಮಿಷ ತಿರುಗಿಸಿದ್ದರು ಎನ್ನುವುದು ಅವರ ಬಾಯಿಂದಲೇ ಹೊರಬಂತು.

"ಇಷ್ಟು ಹೊತ್ತು ಇರಲಿಲ್ಲ ಸರ್" ಎಂದಳು ಹುಡುಗಿ, ಬಹಳ ಮರ್ಯಾದೆಯಿಂದ. "ಈಗ ದಂಡ."

ಮುಖ್ಯಸ್ಥರು ಶಾಲಿನಲ್ಲಿ ಬಾಯಿ ಮುಚ್ಚಿಕೊಂಡರು. ಅವರು ಕೆಮ್ಮಿದರೋ ನಕ್ಕರೋ ನನಗೆ ಕಾಣಿಸಲಿಲ್ಲ. ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಅಧ್ಯಾಪಕರು ಮತ್ತೆ ವಿನಯದಿಂದ ಹೋಗಿ ಹದಿನೈದು ನಿಮಿಷದ ಗ್ರೇಸ್ ತೆಗೆದುಕೊಂಡು ಬಂದರು. ಮೊದಲ ಸಲ ಹಲವು ವಾರ ಬಾಳಿದ್ದ ಅಲ್ಪಾವಧಿ ಈ ಸಲ ಅರ್ಧ ದಿನವೂ ಬಾಳಲಿಲ್ಲ. ಮೊದಲೇ ತಿಳಿದುಬಿಟ್ಟ ಏರಿಕೆಯಿಂದ ಯಾವ ಧಣಿಗೂ ಕುಶಿಯಾಗುವುದಿಲ್ಲ ಎಂಬುದನ್ನು ಇಷ್ಟು ಚೊಕ್ಕವಾಗಿ ತೋರಿಸಲು ಯಾವ ವಿಶ್ವವಿದ್ಯಾನಿಲಯಕ್ಕೂ ಸಾಧ್ಯವಿರಲಿಲ್ಲ.

ಪ್ರಿನ್ಸಿಪಾಲರು ಸಣ್ಣ ಮನುಷ್ಯರಲ್ಲ. ಮೂರನೆಯ ದಿನ ಎಲ್ಲರ ಎದುರಿಗೆ ಕುರ್ಚಿ ಹತ್ತಿ ಗಡಿಯಾರವನ್ನು ರೇಡಿಯೋದ ಸಮಯಕ್ಕೆ ಸರಿಮಾಡಿ, "ಇನ್ನು ಸುಳ್ಳೂ ಇಲ್ಲ, ಗ್ರೇಸೂ ಇಲ್ಲ" ಎಂದು ಸಾರಿದರು. ಇನ್ನು ಎಲ್ಲವೂ ಸರಿಯಾಗುತ್ತದೆ ಎಂದು ಅವರು ನಂಬಿದರು. ಒಳ್ಳೆಯವರಿಗೆ ಹೀಗೆ ನಂಬುವ ಚಾಳಿ ಇರುತ್ತದೆ.

ಆದದ್ದು ಬೇರೆ. ಅವರ ಮಾತನ್ನು ಯಾರೂ ನಂಬಲಿಲ್ಲ. ಇಂದಲ್ಲ ನಾಳೆ ಸಂಜೆ ಮತ್ತೆ ತಿರುಗಿಸುತ್ತಾರೆ, ಕಡೆಗೆ ಇನ್ನೂ ಹೆಚ್ಚಿನ ಗ್ರೇಸ್ ಕೊಡಲೇಬೇಕಾಗುತ್ತದೆ ಎಂಬ ಲೆಕ್ಕದಲ್ಲಿ ಜನ ಒಂದು ಬಸ್ಸು ಬಿಟ್ಟು ಮುಂದಿನದಕ್ಕೆ ಹೊರಟರು. ಬಸ್ಸಿನಿಂದ ಆಗುತ್ತಿದ್ದ ತಡಕ್ಕೆ ಅಪನಂಬಿಕೆಯ ತಡವೂ ಸೇರಿತು. ಹಾಜರಿ ಪುಸ್ತಕ ಕುಂಕುಮ ಚೆಲ್ಲಿದ ಹಾಗಾಯಿತು. ತರಗತಿಗಳು ಖಾಲಿ ಕೂತವು. ಕಾಲೇಜಿನ ಇತಿಹಾಸದಲ್ಲೇ ಅಷ್ಟು ಸರಿಯಾದ ಗಡಿಯಾರವೂ ಇರಲಿಲ್ಲ, ಅಷ್ಟು ತಡವಾದ ಅಧ್ಯಾಪಕರೂ ಇರಲಿಲ್ಲ.

ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. "ನೀವು ಹೇಳಿದ್ದು ಮುಳ್ಳು ತಿರುಗಿಸಿದ್ರೆ ಪ್ರಯೋಜನ ಇಲ್ಲ ಅಂತ. ಈಗ ತಿರುಗಿಸುದು ಬಿಟ್ಟೆ. ಮೊದಲಿಗಿಂತ ಹಾಳಾಯ್ತಲ್ಲ ಮಾರಾಯ್ರೆ?"

"ಹಣದುಬ್ಬರ ಇಳಿಸುವಾಗಲೂ ಹಾಗೇ ಆಗುದು ಸರ್. ನಿರೀಕ್ಷೆ ಇಳಿಯುವ ತನಕ ನಿರುದ್ಯೋಗ ಮಾಮೂಲಿಗಿಂತ ಜಾಸ್ತಿ ಆಗ್ತದೆ. ನೀವು ಮಾತಿಗೆ ನಿಂತ್ರೆ ಜನ ನಿಧಾನಕ್ಕೆ ನಂಬ್ತಾರೆ, ತಡ ಬಸ್ಸಿನ ಮಟ್ಟಕ್ಕೆ ಬರ್ತದೆ."

"ಎಷ್ಟು ಸಮಯ ಬೇಕು?"

"ಅದು ನಿಮ್ಮನ್ನು ಎಷ್ಟು ನಂಬ್ತಾರೆ ಎಂಬುದರ ಮೇಲೆ."

ಈ ಕೊನೆಯ ವಾಕ್ಯವನ್ನು ನಾನು ಆಡಬಾರದಿತ್ತು ಎಂದು ಮುಖ್ಯಸ್ಥರು ಆಮೇಲೆ ಹೇಳಿದರು. "ಶಾಸ್ತ್ರ ಸರಿ ಉಂಟು. ಆದ್ರೆ ಅದನ್ನು ಪ್ರಿನ್ಸಿಪಾಲರ ಮುಖ ನೋಡಿ ಹೇಳುದಾ? ನೀವು ಎಂತದು, ಸೀದಾ ಕಾಡಿನಿಂದ ಬಂದದ್ದಾ?"

"ಕಲ್ಲುಗುಂಡಿಯಿಂದ" ಎಂದೆ.

"ಅದನ್ನೇ ಹೇಳಿದ್ದು."

ಪ್ರಿನ್ಸಿಪಾಲರು ಮಾತಿಗೆ ನಿಂತರು. ಅದು ಅವರ ದೊಡ್ಡತನ. ಆದರೆ ನಂಬಿಕೆ ಬರುವುದಕ್ಕೆ ಮೊದಲು ಮಾರ್ಚ್ ಬಂತು. ಕೆಂಪು ಗೀಟುಗಳನ್ನು ಆಡಳಿತ ಮಂಡಳಿ ನೋಡಿತು. ಯಾರನ್ನಾದರೂ ಹೊಣೆ ಮಾಡಬೇಕಲ್ಲ? ಖಾಯಂ ಆದವರನ್ನು ಮಾಡುವ ಹಾಗಿಲ್ಲ, ಬಸ್ಸಿನ ಡ್ರೈವರ್ ಅವರ ಕೈಕೆಳಗಿಲ್ಲ. ಮುಂದಿನ ವರ್ಷಕ್ಕೆ ನನ್ನ ಅಗತ್ಯ ಇಲ್ಲ ಎಂದರು. ಬೆಲೆಯೇರಿಕೆಯನ್ನು ಇಳಿಸುವಾಗ ನಿರುದ್ಯೋಗ ತಾತ್ಕಾಲಿಕವಾಗಿ ಹೆಚ್ಚುತ್ತದೆ ಎಂದು ಪ್ರಿನ್ಸಿಪಾಲರಿಗೂ ಆಮೇಲೆ ತರಗತಿಯಲ್ಲೂ ಹೇಳಿದ್ದವನು ನಾನೇ. ಆ ತಾತ್ಕಾಲಿಕ ಹೆಚ್ಚಳದಲ್ಲಿ ಯಾರಿರುತ್ತಾರೆ ಎಂದು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ಕಲ್ಲುಗುಂಡಿಯಲ್ಲಿ ಅಣ್ಣ ಸಂತೋಷದಿಂದ ಬರಮಾಡಿಕೊಂಡ. ಬೆಳಿಗ್ಗೆ ರಬ್ಬರ್ ತೋಟ, ಮಧ್ಯಾಹ್ನ ಅವನ ಉಪದೇಶ. "ರಬ್ಬರಿನಲ್ಲಿ ಅಲ್ಪಾವಧಿ, ದೀರ್ಘಾವಧಿ ಅಂತ ಇಲ್ಲ. ಹಾಲು ಬಂದ್ರೆ ಬಂತು" ಎನ್ನುತ್ತಿದ್ದ. ಒಂದು ಮರ ನೆಟ್ಟು ಹಾಲಿಗೆ ಏಳು ವರ್ಷ ಕಾದ ಮನುಷ್ಯನ ಬಾಯಲ್ಲಿ ಈ ಮಾತು ಕೇಳಿ ನಾನು ಕೈ ತೊಳೆದು ಎಲೆಯ ಮುಂದೆ ಕೂತೆ. ಅನ್ನ ಹಾಕುತ್ತಿದ್ದದ್ದು ಅತ್ತಿಗೆ. ಚರ್ಚೆ ಬೆಳೆಸಿ ಅವರಿಗೆ ಊಟ ತಡಮಾಡುವುದು ಬೇಡ ಎನಿಸಿತು.

ಆ ಬೇಸಿಗೆಯಲ್ಲಿ ಪರೀಕ್ಷೆ ನಡೆಯಿತು. ಫಿಲಿಪ್ಸ್ ರೇಖೆಯನ್ನು ವಿವರಿಸಿ ಎಂದಷ್ಟೇ ಕೇಳಿದ್ದರಂತೆ. ಅಜ್ಜಾವರದ ಹುಡುಗಿ ಎರಡೂ ನೋಟ್ ಪುಸ್ತಕದ್ದು ಬರೆದಳು. ಮೊದಲು ಇಳಿಯುವುದು, ಆಮೇಲೆ ನೆಟ್ಟಗಿನದು. ಪ್ರಥಮ ದರ್ಜೆ ಬಂದು ಎಂ.ಎ.ಗೆ ಹೋದಳು ಎಂದು ಸುಳ್ಯದ ಪೇಟೆಯಲ್ಲಿ ಸಿಕ್ಕ ಅವಳ ಚಿಕ್ಕಮ್ಮ ಹೇಳಿದರು. ಹೇಳಿ, "ನೀವೀಗ ಎಲ್ಲಿದ್ದೀರಿ ಮಾಷ್ಟ್ರೆ?" ಎಂದು ಕೇಳಿದರು. ಕೈಯಲ್ಲಿ ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸುವ ಆಸಿಡಿನ ಡಬ್ಬಿ ಹಿಡಿದಿದ್ದೆ. "ದೀರ್ಘಾವಧಿಯಲ್ಲಿ" ಎನ್ನಬೇಕೆನಿಸಿತು. "ಮನೆಯಲ್ಲಿ" ಎಂದೆ.

ಜುಲೈ ಕೊನೆಯಲ್ಲಿ ಒಂದು ಭಾನುವಾರ ಮುಖ್ಯಸ್ಥರು ಸಂಪಾಜೆ ಬಸ್ಸಿನಿಂದ ಕಲ್ಲುಗುಂಡಿಯಲ್ಲಿ ಇಳಿದು, ಕೊಡೆ ಮಡಚಿ, ನಮ್ಮ ಜಗಲಿಗೆ ಬಂದು ಕೂತರು. ನನ್ನ ಜಾಗಕ್ಕೆ ಬಂದವನು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಹೋದನಂತೆ. ಕಾಲೇಜಿನಲ್ಲಿ ಈಗ ತಡ ಬಸ್ಸಿನಷ್ಟೇ ಎಂದೂ, ನನ್ನನ್ನು ಕರೆಯಲು ಪ್ರಿನ್ಸಿಪಾಲರೇ ತಮ್ಮನ್ನು ಕಳಿಸಿದ್ದೆಂದೂ ಹೇಳಿದರು. ಅತ್ತಿಗೆ ಕೊಟ್ಟ ಕಾಫಿ ಕುಡಿದು, ಅಣ್ಣನೊಡನೆ ರಬ್ಬರಿನ ಬೆಲೆ ವಿಚಾರಿಸಿ, ಸಂಜೆಯ ಬಸ್ಸಿಗೆ ಹೊರಟರು.

ಆಗಸ್ಟಿನಲ್ಲಿ ನಾನು ಮತ್ತೆ ಸೇರಿದೆ. ಆ ವರ್ಷ ಕೊನೆಯ ವರ್ಷದ ಬಿ.ಎ. ತರಗತಿಗೆ ಫಿಲಿಪ್ಸ್ ರೇಖೆಯ ಅಲ್ಪಾವಧಿಯನ್ನು ಮುಖ್ಯಸ್ಥರು ಪಾಠ ಮಾಡಿದರು, ದೀರ್ಘಾವಧಿಯನ್ನು ನಾನು ಮಾಡಿದೆ.